ಅತ್ತೆ ಮೂರು ಸಲ ಒಳಗೆ ಬಂದರು

ಆಟ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಪರದೆಯ ಮೇಲೆ ಎಂಟು ಹೆಸರುಗಳಿದ್ದವು, ಅದರಲ್ಲಿ ಮೂರು ‘ಅತ್ತೆ’. ರೂಮಿನಲ್ಲಿ ಜಾಗ ಇದ್ದದ್ದೇ ಎಂಟು ಜನಕ್ಕೆ. ಅಷ್ಟರಲ್ಲಿ ದಾವಣಗೆರೆಯಿಂದ ದೊಡ್ಡಮ್ಮನ ಫೋನ್ ಬಂತು. “ಜಾಗ ಇಲ್ಲ ಅಂತ ತೋರಿಸ್ತಿದೆಯಲ್ಲೋ. ನನ್ನ ಬಿಟ್ಟು ಯಾರ್ಯಾರನ್ನ ಕೂರಿಸಿದೀಯ?”

ಆಟ ಹೊಸದೇನಲ್ಲ. ಶಾಲೆಯಲ್ಲಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಆಡುತ್ತಿದ್ದ ಹೆಸರು–ಊರು–ಪ್ರಾಣಿ–ವಸ್ತು. ಒಂದು ಅಕ್ಷರ ಬರುತ್ತದೆ, ತೊಂಬತ್ತು ಸೆಕೆಂಡಿನಲ್ಲಿ ನಾಲ್ಕೂ ಕಾಲಂ ತುಂಬಬೇಕು, ಬೇರೆ ಯಾರೂ ಬರೆಯದ ಪದಕ್ಕೆ ಹೆಚ್ಚು ಅಂಕ. ಮನೆಯವರು ಮೈಸೂರು, ದಾವಣಗೆರೆ, ನ್ಯೂಜೆರ್ಸಿ ಅಂತ ಹಂಚಿಹೋಗಿದ್ದರಿಂದ ಭಾನುವಾರ ರಾತ್ರಿ ಎಲ್ಲರೂ ಫೋನಿನಲ್ಲೇ ಸೇರಿ ಆಡಲೆಂದು ನಾನು ಇದನ್ನು ಬ್ರೌಸರ್‌ನಲ್ಲಿ ಕಟ್ಟಿದೆ. ಆಟದ ಭಾಗ ಎರಡು ವಾರಾಂತ್ಯದಲ್ಲಿ ಮುಗಿಯಿತು. ಆದರೆ ಜನ ಬಂದು ಸೇರುವ ಜಾಗ ಸರಿಹೋಗಲು ಮೂರು ತಿಂಗಳು ಹಿಡಿಯಿತು.

ಆನ್‌ಲೈನ್ ಆಟಗಳಲ್ಲಿ ಆ ಜಾಗಕ್ಕೆ ಲಾಬಿ ಅನ್ನುತ್ತಾರೆ. ನಾನು ಜಗಲಿ ಅಂದುಕೊಳ್ಳುತ್ತೇನೆ. ಬಂದವರು ಚಪ್ಪಲಿ ಬಿಟ್ಟು, ಯಾರ್ಯಾರು ಬಂದಿದ್ದಾರೆ ಅಂತ ನೋಡಿ, ಎಲ್ಲರೂ ಬರುವವರೆಗೆ ಕೂರುವ ಜಾಗ ಅದು. ದೊಡ್ಡ ಆಟಗಳಲ್ಲಿ ಕಂಪ್ಯೂಟರೇ ಅಪರಿಚಿತರನ್ನು ಜೋಡಿ ಮಾಡಿ ಕಳಿಸುತ್ತದೆ. ಮನೆಮಂದಿಯ ಆಟದಲ್ಲಿ ಹಾಗಲ್ಲ. ಗೊತ್ತಿರುವವರೇ ಗೊತ್ತಿರುವವರ ಬಳಿಗೆ ಬರಬೇಕು, ಬೇರೆಯವರು ಬರಕೂಡದು. ಇದಕ್ಕೆ ಖಾತೆ, ಪಾಸ್‌ವರ್ಡ್ ಅಂತ ಕೇಳಿದರೆ ಅರ್ಧ ಜನ ಬಾಗಿಲಲ್ಲೇ ವಾಪಸ್. ಹಾಗಾಗಿ ಇಂಥ ಆಟಗಳೆಲ್ಲ ಒಂದೇ ಉಪಾಯ ಹಿಡಿದಿವೆ: ಒಬ್ಬರು ರೂಮ್ ತೆರೆಯುತ್ತಾರೆ, ಒಂದು ಸಣ್ಣ ಕೋಡ್ ಸಿಗುತ್ತದೆ, ಉಳಿದವರು ಆ ಕೋಡ್ ಹಾಕಿ, ಹೆಸರು ಬರೆದು ಒಳಗೆ ಬರುತ್ತಾರೆ.

ಈ ಪದ್ಧತಿಯನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಅಮೆರಿಕದ ಜಾಕ್‌ಬಾಕ್ಸ್ ಗೇಮ್ಸ್ ಮುಖ್ಯವಾದದ್ದು. 2014ರಲ್ಲಿ ಬಂದ ಅವರ ಮೊದಲ ಪಾರ್ಟಿ ಪ್ಯಾಕ್‌ನಲ್ಲಿ ಟಿವಿಯ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಸೋಫಾದ ಮೇಲೆ ಕೂತವರು ತಮ್ಮ ಫೋನಿನಲ್ಲಿ jackbox.tv ತೆರೆದು ಅದನ್ನು ಒತ್ತಿದರೆ ಆಯಿತು. ಏನನ್ನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲ. ನಾನು ಮೊದಲು ಅದನ್ನೇ ನಕಲು ಮಾಡಿದೆ, ನಾಲ್ಕು ಅಕ್ಷರ ಇಟ್ಟೆ. ಆದರೆ ಅವರ ಆಟದಲ್ಲಿ ಕೋಡ್ ಎಲ್ಲರ ಕಣ್ಣೆದುರಿನ ಟಿವಿಯಲ್ಲಿ ಇರುತ್ತದೆ, ನಮ್ಮದು ಬಾಯಿಂದ ಕಿವಿಗೆ ಹೋಗುತ್ತದೆ. ಈ ವ್ಯತ್ಯಾಸವನ್ನು ನಾನು ಗಮನಿಸಿರಲಿಲ್ಲ.

ಫೋನಿನಲ್ಲಿ ಬಿ, ಡಿ, ಪಿ, ಟಿ, ವಿ ಎಲ್ಲ ಒಂದೇ ಥರ ಕೇಳುತ್ತವೆ. “ಪಿ ಅಲ್ಲ ಅತ್ತೆ, ಬಿ. ಬಾಲ್‌ನ ಬಿ” ಅಂತ ಕೂಗಿ ಕೂಗಿ ಸುಸ್ತಾಯಿತು. ಅದಕ್ಕಿಂತ ದೊಡ್ಡ ತೊಡಕು ಕೀಬೋರ್ಡಿನದು. ಅತ್ತೆಯ ಫೋನಿನಲ್ಲಿ ಕನ್ನಡ ಕೀಬೋರ್ಡ್ ಸದಾ ತೆರೆದಿರುತ್ತದೆ. ಕೋಡಿಗಾಗಿ ಇಂಗ್ಲಿಷಿಗೆ ಬದಲಿಸಬೇಕು, ಹೆಸರು ಬರೆಯಲು ಮತ್ತೆ ಕನ್ನಡಕ್ಕೆ ಬರಬೇಕು. ಕೊನೆಗೆ ಅಕ್ಷರ ಬಿಟ್ಟು ಅಂಕಿಗೆ ಬಂದೆ. ಅಂಕಿಯಾದರೆ ಪೆಟ್ಟಿಗೆ ಮುಟ್ಟಿದ ಕೂಡಲೇ ನಂಬರ್ ಒತ್ತುವ ಕೀಲಿಗಳೇ ಮೇಲೆ ಬರುವ ಹಾಗೆ ಮಾಡಬಹುದು. ಅದಕ್ಕೆ `inputmode="numeric"` ಅನ್ನುವ ಒಂದು ಸೂಚನೆ ಸಾಕು. ಕೆಲವರು ಕನ್ನಡ ಅಂಕಿಗಳಲ್ಲೇ ಕೋಡ್ ಬರೆದು ಕಳಿಸುತ್ತಾರೆ, ಇನ್ನೊಬ್ಬರು ಅದನ್ನೇ ಕಾಪಿ ಮಾಡಿ ಅಂಟಿಸುತ್ತಾರೆ. ‘೪೮೨೧೩’ ಬಂದರೂ ‘48213’ ಎಂದೇ ಓದಿಕೊಳ್ಳಬೇಕು. ಒಂದೇ ಸಾಲಿನ ಕೆಲಸ:

```js
code = text
  .replace(/[೦-೯]/g, d => d.charCodeAt(0) - 0x0CE6)
  .replace(/\D/g, "");
```

ಕನ್ನಡದ ಸೊನ್ನೆಗೆ ಯೂನಿಕೋಡ್‌ನಲ್ಲಿ ಇರುವ ಸಂಖ್ಯೆ 0CE6, ಅಲ್ಲಿಂದ ಒಂಬತ್ತರವರೆಗೆ ಸಾಲಾಗಿವೆ. ಕಳೆದರೆ ಬೇಕಾದ ಅಂಕಿ ಸಿಗುತ್ತದೆ. ಎರಡನೆಯ ಭಾಗ ನಡುವೆ ಬಿದ್ದ ಖಾಲಿ ಜಾಗ, ಗೆರೆ ಎಲ್ಲವನ್ನೂ ತೆಗೆದುಹಾಕುತ್ತದೆ.

ಎಷ್ಟು ಅಂಕಿ ಇಡಬೇಕು? ಸೊನ್ನೆಯಿಂದ ಶುರುವಾಗುವುದನ್ನು ಬಿಟ್ಟರೆ ನಾಲ್ಕಂಕಿಯಲ್ಲಿ 9,000 ಕೋಡ್‌ಗಳು, ಐದಂಕಿಯಲ್ಲಿ 90,000. ಒಂದು ಹೊತ್ತಿಗೆ 25 ರೂಮುಗಳು ನಡೆಯುತ್ತಿವೆ ಅಂತಿಟ್ಟುಕೊಳ್ಳಿ. ಕಣ್ಣು ಮುಚ್ಚಿ ಒಂದು ನಾಲ್ಕಂಕಿ ಒತ್ತಿದರೆ ಯಾರದೋ ಮನೆಯ ಆಟಕ್ಕೆ ಹೋಗಿ ಬೀಳುವ ಸಂಭವ 360ಕ್ಕೆ ಒಂದು. ಐದಂಕಿ ಆದರೆ 3,600ಕ್ಕೆ ಒಂದು. ಐದಂಕಿ ಹೇಳುವುದು ಕಷ್ಟವೂ ಅಲ್ಲ. “ನಲವತ್ತೆಂಟು, ಎರಡು ಒಂದು ಮೂರು” ಅಂದರೆ ಮುಗಿಯಿತು.

ಆದರೆ ಜನ ಕಣ್ಣು ಮುಚ್ಚಿ ಒತ್ತುವುದಿಲ್ಲ. ಸರಿಯಾದ ಕೋಡನ್ನೇ ಒತ್ತಲು ಹೋಗಿ ಒಂದಂಕಿ ತಪ್ಪುತ್ತಾರೆ, ಇಲ್ಲವೇ ಪಕ್ಕಪಕ್ಕದ ಎರಡನ್ನು ಅದಲುಬದಲು ಮಾಡುತ್ತಾರೆ. ಮೊದಲ ವಾರಗಳಲ್ಲಿ ನನ್ನ ಸರ್ವರ್ ಕೋಡ್‌ಗಳನ್ನು ಸರತಿಯಲ್ಲಿ ಕೊಡುತ್ತಿತ್ತು, ಒಂದರ ಹಿಂದೆ ಒಂದು. ಕೊನೆಯ ಅಂಕಿ ತಪ್ಪಿದರೆ ಪಕ್ಕದ ರೂಮಿಗೇ ಹೋಗುವುದು ಗ್ಯಾರಂಟಿ. ಒಂದು ಭಾನುವಾರ ಚಿಕ್ಕಪ್ಪ ಸ್ನೇಹಿತನೊಬ್ಬನ ಮನೆಯವರ ರೂಮಿಗೆ ಹೋಗಿ, ಎರಡು ಸುತ್ತು ಆಡಿ, “ಇವತ್ತು ಯಾಕೋ ಯಾರೂ ಮಾತಾಡಿಸಲೇ ಇಲ್ಲ” ಅಂತ ಬೇಜಾರು ಮಾಡಿಕೊಂಡರು. ಆ ಮನೆಯ ಮಕ್ಕಳಿಗೂ ಗಾಬರಿಯಾಗಿತ್ತು.

ಆಮೇಲೆ ಮಾಡಿದ್ದು ಇಷ್ಟು. ಕೋಡ್ ಈಗ ಯಾದೃಚ್ಛಿಕವಾಗಿ ಹುಟ್ಟುತ್ತದೆ, ಆದರೆ ಹುಟ್ಟಿದ ಕೂಡಲೇ ಕೊಡುವುದಿಲ್ಲ. ಆ ಕ್ಷಣ ನಡೆಯುತ್ತಿರುವ ಎಲ್ಲ ರೂಮುಗಳ ಕೋಡ್‌ಗಳ ಜೊತೆ ಹೋಲಿಸುತ್ತೇವೆ. ಯಾವುದರ ಜೊತೆಗಾದರೂ ಒಂದೇ ಸ್ಥಾನದಲ್ಲಿ ವ್ಯತ್ಯಾಸವಿದ್ದರೆ, ಅಥವಾ ಪಕ್ಕದ ಎರಡಂಕಿ ಅದಲುಬದಲಾದರೆ ಅದೇ ಆಗುವಂತಿದ್ದರೆ, ಬಿಸಾಕಿ ಇನ್ನೊಂದನ್ನು ಹುಟ್ಟಿಸುತ್ತೇವೆ. ಒಂದು ರೂಮು ಹೀಗೆ ತನ್ನ ಸುತ್ತ ಸುಮಾರು 50 ಕೋಡ್‌ಗಳನ್ನು ಖಾಲಿ ಬಿಡಿಸುತ್ತದೆ. 25 ರೂಮುಗಳಿಗೆ ಹೆಚ್ಚೆಂದರೆ 1,250. ತೊಂಬತ್ತು ಸಾವಿರದಲ್ಲಿ ಅದೇನೂ ದೊಡ್ಡದಲ್ಲ. ಆದರೆ ಪರಿಣಾಮ ದೊಡ್ಡದು: ಮನುಷ್ಯರು ಸಾಮಾನ್ಯವಾಗಿ ಮಾಡುವ ತಪ್ಪು ಯಾರನ್ನೂ ಬೇರೆಯವರ ಮನೆಗೆ ಕರೆದೊಯ್ಯುವುದಿಲ್ಲ. “ಈ ನಂಬರಿನ ರೂಮ್ ಇಲ್ಲ, ಇನ್ನೊಮ್ಮೆ ನೋಡಿ” ಎಂದು ಅಲ್ಲೇ ನಿಲ್ಲುತ್ತದೆ. ಸಾಲದೆಂದು, ಸರಿಯಾದ ಕೋಡ್ ಹಾಕಿದಾಗಲೂ ಒಳಗೆ ಬಿಡುವ ಮೊದಲು ರೂಮ್ ತೆರೆದವರ ಹೆಸರನ್ನು ತೋರಿಸುತ್ತೇವೆ. ‘ಪುಟ್ಟಿ ಕರೆದಿರುವ ಆಟ, 4 ಜನ ಬಂದಿದ್ದಾರೆ’ ಅಂತ ಕಂಡರೆ ಬಂದವರಿಗೆ ಧೈರ್ಯ.

ಕೋಡ್ ಬಾಯಲ್ಲಿ ಹೇಳಲಿಕ್ಕೆ. ವಾಟ್ಸಾಪ್ ಗುಂಪಿಗೆ ಹಾಕುವಾಗ ಲಿಂಕ್ ಇದ್ದರೆ ಸುಲಭ, ಒತ್ತಿದರೆ ಆಯಿತು. ಲಿಂಕಿನಲ್ಲೂ ಅದೇ ಐದಂಕಿ ಇಟ್ಟಿದ್ದು ನನ್ನ ಇನ್ನೊಂದು ತಪ್ಪು. ಆಟ ಮುಗಿದ ಮೇಲೆ ಆ ಐದಂಕಿ ಇನ್ನೊಬ್ಬರಿಗೆ ಹೋಗುತ್ತದೆ, ಲಿಂಕ್ ಮಾತ್ರ ಗುಂಪಿನಲ್ಲಿ ಹಾಗೇ ಉಳಿದಿರುತ್ತದೆ. ಎರಡು ವಾರ ಬಿಟ್ಟು ಯಾರೋ ಹಳೆಯ ಲಿಂಕ್ ಒತ್ತಿದರೆ ಅಪರಿಚಿತರ ಆಟಕ್ಕೆ ಹೋಗುತ್ತಾರೆ. ಈಗ ಲಿಂಕಿನಲ್ಲಿ ಯಾರೂ ಊಹಿಸಲಾಗದ ಉದ್ದನೆಯ ಗುರುತು ಇದೆ, ಅದು ಮತ್ತೆಂದೂ ಮರುಬಳಕೆಯಾಗುವುದಿಲ್ಲ. ಐದಂಕಿ ಅದಕ್ಕೆ ಆ ಹೊತ್ತಿನ ಅಡ್ಡಹೆಸರು ಅಷ್ಟೇ. ಹಳೆಯ ಲಿಂಕ್ ಒತ್ತಿದವರಿಗೆ ‘ಈ ಆಟ ಮುಗಿದಿದೆ’ ಎಂದು ಕಾಣುತ್ತದೆ, ಹೊಸ ರೂಮ್ ತೆರೆಯುವ ಗುಂಡಿಯೂ ಅಲ್ಲೇ ಇರುತ್ತದೆ.

ಲಿಂಕಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೆಸೇಜ್ ಆ್ಯಪ್‌ಗಳು ಲಿಂಕಿನ ಕೆಳಗೆ ಸಣ್ಣ ಚಿತ್ರ, ಶೀರ್ಷಿಕೆ ತೋರಿಸಲು ತಾವೇ ಮೊದಲು ಹೋಗಿ ಆ ಪುಟವನ್ನು ತೆರೆದು ನೋಡುತ್ತವೆ. ಪುಟ ತೆರೆದ ಕೂಡಲೇ ಒಂದು ಕುರ್ಚಿ ಕೊಡುವ ಹಾಗೆ ಬರೆದಿದ್ದರೆ ಆ ಕುರ್ಚಿಯಲ್ಲಿ ಯಾರೂ ಇಲ್ಲದ ಒಬ್ಬ ಆಟಗಾರ ಬಂದು ಕೂರುತ್ತಾನೆ. ಆದ್ದರಿಂದ ಲಿಂಕ್ ತೆರೆಯುವುದು ಬಾಗಿಲಲ್ಲಿ ನಿಂತು ಇಣುಕಿದ ಹಾಗೆ ಇರಬೇಕು. ಹೆಸರು ಬರೆದು ‘ಒಳಗೆ ಬಂದೆ’ ಒತ್ತಿದಾಗ ಮಾತ್ರ ಕುರ್ಚಿ.

ಹೆಸರಿನ ವಿಷಯಕ್ಕೆ ಬಂದರೆ, ಹತ್ತು ಅಕ್ಷರದ ಮಿತಿ ಇಟ್ಟಿದ್ದೆ. ನ್ಯೂಜೆರ್ಸಿಯ ಅತ್ತಿಗೆ ‘ಶ್ರೀಲಕ್ಷ್ಮೀ’ ಎಂದು ಬರೆದರೆ ಕೊನೆಯ ದೀರ್ಘ ಕೂರಲೇ ಇಲ್ಲ, ‘ಶ್ರೀಲಕ್ಷ್ಮ’ ಆಗಿ ನಿಂತಿತು. ನಮ್ಮ ಕಣ್ಣಿಗೆ ಅದು ಮೂರೇ ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ ಶ, ವಿರಾಮ, ರ, ದೀರ್ಘ ಈಕಾರ ಹೀಗೆ ಒಂದೊಂದೂ ಬೇರೆ, ಒಟ್ಟು 11. ಇಂಗ್ಲಿಷ್ ಹೆಸರಿಗೆಂದು ಇಟ್ಟ ಮಿತಿ ಕನ್ನಡದ ಹೆಸರನ್ನು ಹೀಗೆ ನಡುವೆ ಕತ್ತರಿಸುತ್ತದೆ. ಮಿತಿಯನ್ನು 40ಕ್ಕೆ ಏರಿಸಿ, ಉದ್ದವಾದರೆ ಅಕ್ಷರದ ಗಾತ್ರವೇ ಸಣ್ಣದಾಗುವ ಹಾಗೆ ಮಾಡಿದೆ. ಒಂದೇ ಹೆಸರಿನ ಇಬ್ಬರು ಬಂದರೆ ತಡೆಯುವುದನ್ನೂ ಬಿಟ್ಟೆ. ಮನೆಯಲ್ಲಿ ಪ್ರತಿಯೊಬ್ಬರೂ ಯಾರಿಗೋ ಚಿಕ್ಕಪ್ಪನೇ. ‘ಈ ಹೆಸರು ಆಗಲೇ ಇದೆ’ ಎಂದು ಹಿರಿಯರನ್ನು ವಾಪಸ್ ಕಳಿಸುವ ಬದಲು ಪ್ರತಿ ಕುರ್ಚಿಗೂ ಒಂದು ಬಣ್ಣ, ಒಂದು ಪ್ರಾಣಿಯ ಚಿತ್ರ ಕೊಟ್ಟೆ. ಹಸಿರು ಆನೆಯ ಚಿಕ್ಕಪ್ಪ, ಕೆಂಪು ನವಿಲಿನ ಚಿಕ್ಕಪ್ಪ. ಗೊಂದಲ ಮುಗಿಯಿತು.

ಈಗ ಮೂರು ಅತ್ತೆಯರ ಕಥೆ. ಇಡೀ ಕೆಲಸದ ತಿರುಳು ಇರುವುದೇ ಅಲ್ಲಿ.

ಫೋನಿನ ಬ್ರೌಸರ್ ಮತ್ತು ನನ್ನ ಸರ್ವರ್ ನಡುವೆ ಆಟದುದ್ದಕ್ಕೂ ತೆರೆದಿರುವ ಒಂದು ದಾರಿ ಇರುತ್ತದೆ. ಅದಕ್ಕೆ ವೆಬ್‌ಸಾಕೆಟ್ ಎಂದು ಹೆಸರು. ಪುಟ ಮತ್ತೆ ಮತ್ತೆ ತೆರೆಯದೆ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಆ ಕ್ಷಣವೇ ತಲುಪುವುದು ಇದರಿಂದ. ಒಂದು ವೆಬ್‌ಸಾಕೆಟ್ ಅಂದರೆ ಒಬ್ಬ ಆಟಗಾರ ಎಂದು ನಾನು ಬರೆದಿದ್ದೆ. ದಾರಿ ತೆರೆದರೆ ಆಟಗಾರ ಬಂದ, ದಾರಿ ಮುಚ್ಚಿದರೆ ಆಟಗಾರ ಹೋದ. ಕೇಳಲು ಎಷ್ಟು ನೇರವಾಗಿದೆ! ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಮಾಡಿದಾಗ ಒಂದು ಸಲವೂ ಕೈಕೊಡಲಿಲ್ಲ.

ಫೋನಿನಲ್ಲಿ ಬದುಕು ಬೇರೆ. ಅತ್ತೆ ಮೊದಲು ಸರಿಯಾಗಿಯೇ ಬಂದು ಕೂತರು. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಅಜ್ಜಿಯ ಮೆಸೇಜ್. ನೋಡಲು ಹೋದರು. ಬ್ರೌಸರ್ ಹಿಂದೆ ಸರಿದ ಮೇಲೆ, ಬ್ಯಾಟರಿ ಉಳಿಸಲು ಫೋನ್ ಅದನ್ನು ಸ್ವಲ್ಪ ಹೊತ್ತಿನಲ್ಲಿ ನಿದ್ದೆಗೆ ಹಾಕಿತು. ದಾರಿ ಕಡಿಯಿತು. ಅತ್ತೆ ವಾಪಸ್ ಬಂದಾಗ ಪುಟ ಮತ್ತೆ ಹೆಸರು ಕೇಳಿತು, ಬರೆದರು. ಎರಡನೇ ಅತ್ತೆ ಹುಟ್ಟಿದ್ದು ಹೀಗೆ. ಆಮೇಲೆ ಅವರು ಅಂಗಳಕ್ಕೆ ಹೋದರು, ಫೋನ್ ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬದಲಾಯಿತು. ಮೂರನೇ ಅತ್ತೆ.

ದಾರಿ ಮುಚ್ಚಿದರೆ ಆಟಗಾರನನ್ನು ತೆಗೆದುಹಾಕು ಎಂದು ಬರೆದಿತ್ತಲ್ಲ, ಹಳೆಯ ಅತ್ತೆಯರು ಯಾಕೆ ಉಳಿದರು? ಯಾಕೆಂದರೆ ದಾರಿ ಕಡಿದದ್ದು ಸರ್ವರಿಗೆ ಗೊತ್ತೇ ಆಗಿರಲಿಲ್ಲ. ಫೋನ್ ‘ಹೋಗಿ ಬರುತ್ತೇನೆ’ ಎಂದು ಹೇಳಿ ಹೋದರೆ ಸರ್ವರಿಗೆ ತಿಳಿಯುತ್ತದೆ. ನೆಟ್‌ವರ್ಕ್ ಬದಲಾಗಿ ಸದ್ದಿಲ್ಲದೆ ಮಾಯವಾದರೆ ಸರ್ವರ್ ಇನ್ನೂ ಅವರಿದ್ದಾರೆ ಎಂದೇ ನಂಬಿರುತ್ತದೆ, ಎಷ್ಟೋ ನಿಮಿಷ. ಕೊನೆಗೆ ತಿಳಿದಾಗ ಮೊದಲ ಅತ್ತೆಯನ್ನು ತೆಗೆದುಹಾಕಿತು. ಅವರು ಗಳಿಸಿದ್ದ 35 ಅಂಕವೂ ಅದರ ಜೊತೆಗೆ ಹೋಯಿತು. “ಮೊಸಳೆ ಬರ್ದಿದ್ದು ನಾನೊಬ್ಳೇ ಕಣೋ, ಅದ್ರ ಮಾರ್ಕ್ಸ್ ಎಲ್ಲಿ?” ಎಂದು ಅತ್ತೆ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ಕೂತು ಯೋಚಿಸಿದಾಗ ಹೊಳೆದದ್ದು ಇದು: ಕುರ್ಚಿ ಬೇರೆ, ದಾರಿ ಬೇರೆ. ಆಟ ನಡೆಯುವಷ್ಟು ಹೊತ್ತೂ ಕುರ್ಚಿ ಇರಬೇಕು. ಅಂಕ, ಹೆಸರು, ಬಣ್ಣ, ಬರೆದ ಉತ್ತರ ಎಲ್ಲ ಕುರ್ಚಿಗೆ ಸೇರಿದ್ದು. ದಾರಿ ಹತ್ತು ಸಲ ಕಡಿದು ಹತ್ತು ಸಲ ಕೂಡಬಹುದು, ಅದರಿಂದ ಕುರ್ಚಿಗೆ ಏನೂ ಆಗಕೂಡದು.

ಹಾಗೆ ಮಾಡಲು ಮೂರು ಸಂಗತಿ ಬೇಕಾದವು. ಮೊದಲನೆಯದು ಟೋಕನ್. ಕುರ್ಚಿ ಕೊಡುವಾಗಲೇ ಸರ್ವರ್ ಒಂದು ಉದ್ದನೆಯ ಗುಟ್ಟಿನ ಸಂಖ್ಯೆಯನ್ನೂ ಕೊಡುತ್ತದೆ, ಛತ್ರದಲ್ಲಿ ಚಪ್ಪಲಿ ಬಿಟ್ಟಾಗ ಕೊಡುವ ಬಿಲ್ಲೆಯ ಹಾಗೆ. ಬ್ರೌಸರ್ ಅದನ್ನು `localStorage` ಎಂಬ ತನ್ನ ಗೂಡಿನಲ್ಲಿ ರೂಮಿನ ಹೆಸರಿನಡಿ ಇಟ್ಟುಕೊಳ್ಳುತ್ತದೆ. ಪುಟ ಮತ್ತೆ ತೆರೆದಾಗ ಹೆಸರು ಕೇಳುವ ಮೊದಲು ಗೂಡು ನೋಡುತ್ತದೆ. ಬಿಲ್ಲೆ ಇದ್ದರೆ ನೇರವಾಗಿ ಅದೇ ಕುರ್ಚಿಗೆ. ಹಳೆಯ ದಾರಿ ಇನ್ನೂ ಜೀವಂತವಿದೆ ಎಂದು ಸರ್ವರ್ ನಂಬಿದ್ದರೂ ಪರವಾಗಿಲ್ಲ, ಹೊಸ ದಾರಿ ಬಂದ ಕೂಡಲೇ ಹಳೆಯದನ್ನು ಮುಚ್ಚಿಬಿಡುತ್ತದೆ.

ಎರಡನೆಯದು ನಾಡಿ. ಹತ್ತು ಸೆಕೆಂಡಿಗೊಮ್ಮೆ ಸರ್ವರ್ ಪ್ರತಿ ಫೋನನ್ನೂ ‘ಇದ್ದೀಯಾ?’ ಎಂದು ಕೇಳುತ್ತದೆ. ಸತತ ಎರಡು ಸಲ ಉತ್ತರ ಬರದಿದ್ದರೆ ಕುರ್ಚಿ ಬೂದು ಬಣ್ಣಕ್ಕೆ ತಿರುಗಿ ‘ಅತ್ತೆ ಈಗ ಬರುತ್ತಾರೆ’ ಎಂದು ತೋರಿಸುತ್ತದೆ. ತೆಗೆದುಹಾಕುವುದಿಲ್ಲ. ಐದು ಸೆಕೆಂಡಿಗೊಮ್ಮೆ ಕೇಳಿ ನೋಡಿದ್ದೆ, ಒಂದೇ ಒಂದು ಉತ್ತರ ತಡವಾದರೂ ಬೂದು ಮಾಡುತ್ತಿದ್ದೆ. ಸಿಗ್ನಲ್ ಕಡಿಮೆ ಇರುವ ಕಡೆ ಹೆಸರುಗಳು ಮಿಣುಕುದೀಪದ ಹಾಗೆ ಹತ್ತಿ ಆರಿ, ಎಲ್ಲರ ಗಮನ ಆಟದಿಂದ ಅತ್ತ ಹೋಗುತ್ತಿತ್ತು.

ಮೂರನೆಯದು, ವಾಪಸ್ ಬಂದವರಿಗೆ ಏನು ಕಳಿಸಬೇಕು ಎನ್ನುವುದು. ಅವರು ಇಲ್ಲದಾಗ ನಡೆದದ್ದನ್ನೆಲ್ಲ ಒಂದೊಂದಾಗಿ ಕಳಿಸಲು ಹೋಗಿ ಪೇಚಿಗೆ ಸಿಕ್ಕಿದ್ದೇನೆ. ಒಂದು ತಪ್ಪಿದರೂ ಅವರ ಪರದೆ ಒಂದು ಸುತ್ತು ಹಿಂದೆ ಉಳಿಯುತ್ತದೆ. ಎಂಟು ಜನರ ಆಟದ ಇಡೀ ಸ್ಥಿತಿ, ಅಂದರೆ ಯಾವ ಸುತ್ತು, ಯಾವ ಅಕ್ಷರ, ಎಷ್ಟು ಸೆಕೆಂಡ್ ಉಳಿದಿದೆ, ಯಾರ ಅಂಕ ಎಷ್ಟು, ಇವೆಲ್ಲ ಸೇರಿದರೂ ಒಂದು ಫೋಟೋದ ನೂರನೇ ಒಂದು ಭಾಗದಷ್ಟೂ ಭಾರವಿಲ್ಲ. ಹಾಗಾಗಿ ಬಂದ ಕೂಡಲೇ ಪೂರ್ತಿ ಚಿತ್ರವನ್ನೇ ಕೊಟ್ಟುಬಿಡುವುದು ಸರಿ. ಅವರೇ ಅರ್ಧ ಬರೆದಿದ್ದ ಉತ್ತರವನ್ನೂ ಸೇರಿಸಿ.

ಇದನ್ನು ಪರೀಕ್ಷಿಸಲು ಲ್ಯಾಪ್‌ಟಾಪಿನಲ್ಲಿ ನಾಲ್ಕು ಕಿಟಕಿ ತೆರೆದರೆ ಸಾಲದು. ನಾನೀಗ ಎರಡು ಹಳೆಯ ಫೋನ್ ಹಿಡಿದು ಕೂರುತ್ತೇನೆ. ಆಟದ ನಡುವೆ ಪರದೆ ಆರಿಸಿ ಎರಡು ನಿಮಿಷ ಬಿಡುವುದು, ಕರೆ ಮಾಡಿ ಮಾತಾಡುವುದು, ವೈಫೈ ಆರಿಸುವುದು, ಏರೋಪ್ಲೇನ್ ಮೋಡ್ ಹಾಕಿ ತೆಗೆಯುವುದು. ಪ್ರತಿ ಸಲವೂ ಕುರ್ಚಿಗಳ ಸಂಖ್ಯೆ ಹೆಚ್ಚಬಾರದು, ಅಂಕ ಕಡಿಮೆಯಾಗಬಾರದು.

ಕುರ್ಚಿ ಮತ್ತು ದಾರಿ ಬೇರೆಯಾದ ಮೇಲೆ ಉಳಿದ ಪ್ರಶ್ನೆಗಳು ತಾವಾಗಿ ಸಡಿಲವಾದವು. ರೂಮ್ ತೆರೆದವರೇ ಮಾಯವಾದರೆ? ಆಟದ ಸ್ಥಿತಿ ಸರ್ವರಿನಲ್ಲಿದೆ, ಅವರ ಫೋನಿನಲ್ಲಿಲ್ಲ. ಅವರ ಕುರ್ಚಿ ಬೂದಾಗಿ ಮೂವತ್ತು ಸೆಕೆಂಡ್ ಕಳೆದರೆ ‘ಶುರು ಮಾಡಿ’ ಗುಂಡಿ ಅವರ ನಂತರ ಬಂದವರಿಗೆ ಹೋಗುತ್ತದೆ. ಅವರು ಮರಳಿದರೆ ಕಿತ್ತು ವಾಪಸ್ ಕೊಡುವುದಿಲ್ಲ, ಅದು ಇನ್ನೊಬ್ಬರ ಕೈಯಲ್ಲಿದ್ದಾಗ ಕಣ್ಣೆದುರೇ ಮಾಯವಾದರೆ ಗಲಿಬಿಲಿ. ತಡವಾಗಿ ಬಂದವರಿಗೆ? ತೊಂಬತ್ತು ಸೆಕೆಂಡಿನ ಸುತ್ತಲ್ಲವೇ, ಮುಂದಿನ ಸುತ್ತಿಗೆ ಕೂರಿಸುತ್ತೇವೆ, ಅಲ್ಲಿಯವರೆಗೆ ಉಳಿದವರ ಆಟ ನೋಡುತ್ತಿರಬಹುದು.

ಶುರು ಮಾಡುವ ಗುಂಡಿಯ ಬಗ್ಗೆ ಒಂದು ಮಾತು. ಎಲ್ಲರೂ ‘ನಾನು ರೆಡಿ’ ಎಂದು ಒತ್ತಿದ ಮೇಲೆಯೇ ಆಟ ಶುರುವಾಗಲಿ ಎಂದು ಮೊದಲು ಇಟ್ಟಿದ್ದೆ. ನ್ಯಾಯವಾಗಿ ಕಾಣುತ್ತದೆ. ಆದರೆ ಒಬ್ಬರು ಒಗ್ಗರಣೆ ಹಾಕಲು ಎದ್ದುಹೋದರೆ ಏಳು ಜನ ಸುಮ್ಮನೆ ಕೂರಬೇಕು. ಜಾಕ್‌ಬಾಕ್ಸ್‌ನಲ್ಲಿ ಮೊದಲು ಬಂದವರೊಬ್ಬರೇ ‘ಎಲ್ಲರೂ ಬಂದಾಯಿತು’ ಎಂದು ಒತ್ತುತ್ತಾರೆ. ಅದೇ ಸರಿ ಎಂದು ಈಗ ನನಗೂ ಅನ್ನಿಸಿದೆ. ಒತ್ತಿದ ಮೇಲೆ ಐದು ಸೆಕೆಂಡ್ ಎಣಿಕೆ ಇರುತ್ತದೆ. “ತಡಿ ತಡಿ, ಅಜ್ಜಿ ಕನ್ನಡಕ ಹುಡುಕ್ತಿದಾರೆ” ಎಂದು ಯಾರಾದರೂ ಕೂಗಿದರೆ ಅಷ್ಟರಲ್ಲಿ ನಿಲ್ಲಿಸಬಹುದು. ನಿಲ್ಲಿಸುವ ಗುಂಡಿ ಮಾತ್ರ ಎಲ್ಲರ ಬಳಿಯೂ ಇದೆ.

ಟೋಕನ್ನಿಗೂ ಒಂದು ಮಿತಿ ಇದೆ, ಅದು ಇರುವುದು ಒಂದು ಫೋನಿನ ಒಂದು ಬ್ರೌಸರಿನಲ್ಲಿ. ಕಳೆದ ತಿಂಗಳು ಅತ್ತೆಯ ಫೋನಿನ ಬ್ಯಾಟರಿ ನಾಲ್ಕನೇ ಸುತ್ತಿನಲ್ಲಿ ಪೂರ್ತಿ ಮುಗಿಯಿತು. ಮಾವನ ಫೋನ್ ತೆಗೆದುಕೊಂಡು ಕೋಡ್ ಹಾಕಿದರು. ಅಲ್ಲಿ ಬಿಲ್ಲೆ ಇಲ್ಲ, ರೂಮಿಗೆ ಅವರು ಹೊಸಬರೇ. ಆದರೆ ಇಂಥ ಹೊತ್ತಿಗೆಂದೇ ಒಂದು ಪುಟ ಮಾಡಿಟ್ಟಿದ್ದೆ. ರೂಮಿನಲ್ಲಿ ಬೂದಾಗಿರುವ ಕುರ್ಚಿ ಇದ್ದರೆ, ಹೊಸ ಹೆಸರು ಕೇಳುವ ಮೊದಲು ‘ನೀವು ಇವರೇನಾ?’ ಎಂದು ಅದನ್ನು ತೋರಿಸುತ್ತದೆ. ಅತ್ತೆ ನೀಲಿ ಜಿಂಕೆಯ ಚಿತ್ರ ಗುರುತು ಹಿಡಿದು ಒತ್ತಿದರು. ರೂಮ್ ತೆರೆದಿದ್ದ ಪುಟ್ಟಿಯ ಪರದೆಯಲ್ಲಿ ‘ಅತ್ತೆ ಬೇರೆ ಫೋನಿನಿಂದ ಬಂದಿದ್ದಾರೆ, ಬಿಡಲೇ?’ ಎಂದು ಬಂತು. ಯಾರು ಬೇಕಾದರೂ ಇನ್ನೊಬ್ಬರ ಕುರ್ಚಿಯಲ್ಲಿ ಕೂರಬಾರದಲ್ಲ, ಅದಕ್ಕೆ ಈ ಕೇಳಿಕೆ. ಫೋನಿನಲ್ಲಿ ಅತ್ತೆಯ ದನಿ ಕೇಳುತ್ತಲೇ ಇತ್ತು, ಪುಟ್ಟಿ ‘ಹೌದು’ ಒತ್ತಿದಳು. ಬೂದು ಜಿಂಕೆ ನೀಲಿಯಾಯಿತು. ಬರೆಯಲು ಇನ್ನೂ ಇಪ್ಪತ್ತೆರಡು ಸೆಕೆಂಡ್ ಉಳಿದಿತ್ತು, ‘ಕ’ ಅಕ್ಷರಕ್ಕೆ ಅವರು ಮೊದಲೇ ಬರೆದಿದ್ದ ಕಮಲಾ, ಕುಣಿಗಲ್ ಎರಡೂ ಹಾಗೇ ಇದ್ದವು. ಪ್ರಾಣಿಯ ಕಾಲಂನಲ್ಲಿ ಅವರು ಕಡವೆ ಬರೆದರು.